ಬಾಕಿ ದೃಢೀಕರಣ ಕೇಳಿದ್ದು 18 ಪಾರ್ಟಿಗೆ, 7 ಜನರಿಂದ ಉತ್ತರವೇ ಇಲ್ಲ. ಬಂದದ್ದರಲ್ಲೂ ತಾಳೆ ಆಗ್ತಿಲ್ಲ. ಮುಂದೇನು?

ಗೋಕುಲ ರೋಡ್ ಆರ್ಟಿಕಲ್ · ಮಂಗಳವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಒಂದು ಸಣ್ಣ ಆಡಿಟ್ ಆಫೀಸಿನಲ್ಲಿ ಸಿಎ ತರಬೇತಿಯ ಎರಡನೇ ವರ್ಷದ ಆರ್ಟಿಕಲ್ ನಾನು. ಬ್ಯಾಡಗಿ ಕಡೆಯ ಒಂದು ಮೆಣಸಿನಕಾಯಿ ಕಂಪನಿಯ ಆಡಿಟ್ ನಡೆದಿದೆ. ಪ್ರೈವೇಟ್ ಲಿಮಿಟೆಡ್. ಕಾಯಿ ಕೊಂಡು, ತೊಟ್ಟು ತೆಗೆಸಿ, ಬೇರೆ ಊರಿನ ಮಸಾಲೆ ಕಾರ್ಖಾನೆಗಳಿಗೆ ಉದ್ರಿ ಕೊಡುತ್ತಾರೆ.

ಮಾರ್ಚ್ 31ಕ್ಕೆ ಬಾಕಿ ಇದ್ದವರಲ್ಲಿ 18 ಪಾರ್ಟಿ ಆರಿಸಿ ಪತ್ರ ಕಳಿಸಿದೆವು. 9 ಜನ ಸರಿ ಇದೆ ಅಂದರು. 2 ಜನರದ್ದು ತಾಳೆ ಇಲ್ಲ. 7 ಜನ ಎರಡು ಸಲ ನೆನಪಿಸಿದರೂ ಉತ್ತರ ಕೊಟ್ಟಿಲ್ಲ. ನನ್ನ ಸೀನಿಯರ್ "ಬರದಿದ್ದರೆ ಡೈರೆಕ್ಟರ್ ಹತ್ತಿರ ಒಂದು ರೆಪ್ರೆಸೆಂಟೇಶನ್ ಬರೆಸಿಕೊಂಡು ಫೈಲ್ ಮುಚ್ಚು" ಅಂತಾರೆ. ಅಷ್ಟು ಸಾಕಾ?

ಇನ್ನೊಂದು ವಿಷಯ. ಆ 9ರಲ್ಲಿ 2 ಪತ್ರ ನಮಗೆ ನೇರವಾಗಿ ಬಂದಿಲ್ಲ. ಕಂಪನಿಯ ಅಕೌಂಟೆಂಟ್ "ನೀವ್ಯಾಕ ಕಷ್ಟಪಡ್ತೀರಿ, ನಾನ ತರಿಸಿ ಕೊಡ್ತೀನಿ" ಅಂತ ತಂದುಕೊಟ್ಟರು. ಒಂದು ಗುಂಟೂರಿನದು, ಇನ್ನೊಂದು ಇಂದೋರಿನದು. ಎರಡರಲ್ಲೂ ಒಂದೇ ನೀಲಿ ಜೆಲ್ ಪೆನ್ನು, ತಾರೀಕು ಬರೆದ ರೀತಿಯೂ ಒಂದೇ. 7 ಅಂಕಿಗೆ ನಡುವೆ ಅಡ್ಡಗೆರೆ ಎರಡರಲ್ಲೂ ಇದೆ. ಮಡಿಕೆ ಬಿದ್ದ ಗುರುತೇ ಇಲ್ಲ. ಅಂಚೆಯಲ್ಲಿ ಬಂದ ಕಾಗದ ಮಡಿಚದೇ ಹೇಗೆ ಬರುತ್ತೆ?

ಗದಗ ಲೆಕ್ಕಿಗ · 9:58

ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಉತ್ತರ ಬರದ 7 ಜನರಿಂದ ಮಾರ್ಚ್ ಆದಮೇಲೆ ದುಡ್ಡು ಬಂದಿದೆಯಾ ನೋಡಿ. ಬಂದಿದ್ದರೆ ಬಾಕಿ ನಿಜ ಅಂತಲೇ ಅರ್ಥ. ನಾವು ಹದಿನೈದು ವರ್ಷದಿಂದ ಹೀಗೇ ಮಾಡಿಸ್ತಾ ಇದ್ದೇವೆ.

ಇಂಟರ್ ಓದ್ತಿರೋಳು · 10:03

ಹೊರಗಿನವರಿಂದ ದೃಢೀಕರಣ ತರಿಸೋ ಆಡಿಟ್ ಮಾನದಂಡ ಎಸ್‌ಎ 505 ಅಲ್ವಾ ಇದು? ಪರೀಕ್ಷೆಗೆ ಓದಿದ್ದೆ. ನಿಜವಾಗಿ ಹೀಗೆಲ್ಲ ಆಗುತ್ತೆ ಅಂತ ಗೊತ್ತಿರಲಿಲ್ಲ.

ರಾಣೆಬೆನ್ನೂರು ಬೀಜದಂಗಡಿ · 10:15

ನನ್ನದೂ ಇದೇ ಗೋಳು. ಪ್ರತಿ ವರ್ಷ ಬ್ಯಾಂಕಿನವರು ಸಿಸಿ ಲೋನಿನ ಬಾಕಿ ಇಷ್ಟಿದೆ ಅಂತ ಒಪ್ಪಿ ಸಹಿ ಮಾಡಿ ಅಂತಾರೆ. ಬಡ್ಡಿ ಲೆಕ್ಕವೇ ತಪ್ಪಿದ್ದರೂ ಸಹಿ ಮಾಡಬೇಕಾ? ಮಾಡದಿದ್ದರೆ ಆಡಿಟರ್ ತಕರಾರು ಮಾಡ್ತಾರಾ?

ವಿದ್ಯಾನಗರ ಸಿಎ · 10:41

ಬೀಜದಂಗಡಿಯವರೇ, ನಿಮ್ಮದು ಬೇರೆ ವಿಷಯ, ಆದರೆ ಇಲ್ಲಿಗೆ ಸಂಬಂಧ ಇದೆ. ನೀವು ಸಹಿ ಮಾಡುವುದು ಸಾಲ ಒಪ್ಪಿಕೊಂಡ ಪತ್ರ. ಕಾಲಮಿತಿ ಕಾಯ್ದೆಯ 18ನೇ ಕಲಮಿನ ಪ್ರಕಾರ, ಅವಧಿ ಮುಗಿಯುವ ಮೊದಲು ಸಾಲಗಾರ ಬರೆದು ಸಹಿ ಮಾಡಿದರೆ, ಆ ದಿನದಿಂದ ಕಾಲಮಿತಿ ಹೊಸದಾಗಿ ಶುರುವಾಗುತ್ತೆ. ಬ್ಯಾಂಕಿಗೆ ಬೇಕಾದದ್ದು ಅದೇ. ಬಡ್ಡಿ ಲೆಕ್ಕದ ಮೇಲೆ ತಕರಾರಿದ್ದರೆ ಅದನ್ನೇ ಪತ್ರದಲ್ಲಿ ಬರೆದು ಸಹಿ ಮಾಡಿ.

ವ್ಯಾಪಾರದ ಬಾಕಿಗೂ ಇದೇ ಭಯ ಕೆಲಸ ಮಾಡುತ್ತೆ. ಹಳೇ ಬಾಕಿ ಉಳಿಸಿಕೊಂಡ ಪಾರ್ಟಿಗೆ ಗೊತ್ತಿರುತ್ತೆ, ಈ ಕಾಗದಕ್ಕೆ ಸಹಿ ಮಾಡಿದರೆ ಇನ್ನೂ ಮೂರು ವರ್ಷ ಕೋರ್ಟಿಗೆ ಎಳೆಯಬಹುದು ಅಂತ. ಹಾಗಾಗಿ ಸುಮ್ಮನಿರುವುದಕ್ಕೂ ಒಂದು ಕಾರಣ ಇರುತ್ತೆ. ಉತ್ತರ ಬರಲಿಲ್ಲ ಅಂದರೆ ಬಾಕಿ ಸುಳ್ಳು ಅಂತಲ್ಲ, ನಿಜ ಅಂತಲೂ ಅಲ್ಲ. ನಮ್ಮ ಕೈಗೆ ಏನೂ ಸಿಕ್ಕಿಲ್ಲ ಅಂತ ಅಷ್ಟೇ.

ಆರ್ಟಿಕಲ್‌ಗೆ ನೇರ ಉತ್ತರ: ಬರೀ ರೆಪ್ರೆಸೆಂಟೇಶನ್ ಸಾಕಾಗಲ್ಲ. ಡೈರೆಕ್ಟರ್ ಲೆಜರ್ ಬರೆಸಿದ್ದಾರೆ, ಲೆಜರ್ ಸರಿ ಇದೆ ಅಂತ ಅವರೇ ಬರೆದುಕೊಟ್ಟರೆ ಹೊಸದಾಗಿ ಏನು ತಿಳಿದ ಹಾಗಾಯಿತು? ಮೊದಲು ಒಂದು ಹೇಳಿ. ತಾಳೆ ಆಗದ ಆ ಎರಡು ಪಾರ್ಟಿಗಳ ವ್ಯತ್ಯಾಸ ಏನು?

ಗೋಕುಲ ರೋಡ್ ಆರ್ಟಿಕಲ್ · 11:02

ಒಂದು ಸುಲಭ. ಅವರು ಮಾರ್ಚ್ 30ಕ್ಕೆ ಚೆಕ್ ಬರೆದು ಬಾಕಿಯಿಂದ ಕಳೆದಿದ್ದಾರೆ. ನಮ್ಮವರಿಗೆ ಏಪ್ರಿಲ್ 3ಕ್ಕೆ ಸಿಕ್ಕಿದೆ, 7ಕ್ಕೆ ಬ್ಯಾಂಕಿನಲ್ಲಿ ಜಮಾ ಆಗಿದೆ. ಸ್ಟೇಟ್‌ಮೆಂಟ್ ನೋಡಿದೆ.

ಇನ್ನೊಂದು ದೊಡ್ಡದು. ನಮ್ಮ ಪುಸ್ತಕದಲ್ಲಿ 41,80,000. ಅವರು ಬರೆದದ್ದು 33,44,200. ವ್ಯತ್ಯಾಸ 8,35,800. ಅವರ ಲೆಜರ್ ತರಿಸಿ ಹೋಲಿಸಿದಾಗ ಎರಡು ಭಾಗ ಆಯಿತು.

ಮೊದಲನೆಯದು 6,30,000. ಮಾರ್ಚ್ 30ರಂದು 30 ಕ್ವಿಂಟಲ್ ಕಡ್ಡಿ ಕಾಯಿ, ಕ್ವಿಂಟಲಿಗೆ 20,000, ಮೇಲೆ 5% ಜಿಎಸ್‌ಟಿ. ಅವರ ಪುಸ್ತಕದಲ್ಲಿ ಇದು ಏಪ್ರಿಲ್ 3ಕ್ಕೆ ಬಂದಿದೆ.

ಉಳಿದದ್ದು 2,05,800. ಕಾಯಿ ಹಸಿ ಇತ್ತು ಅಂತ ಫೆಬ್ರವರಿಯಲ್ಲಿ 98 ಕ್ವಿಂಟಲಿಗೆ ತಲಾ 2,000, ಮೇಲೆ 5% ಜಿಎಸ್‌ಟಿ ಸೇರಿಸಿ ಕಡಿದು ಡೆಬಿಟ್ ನೋಟ್ ಕಳಿಸಿದ್ದಾರೆ. ನಮ್ಮವರು ಅದನ್ನು ಲೆಕ್ಕಕ್ಕೆ ಹಾಕಿಲ್ಲ. ಅಕೌಂಟೆಂಟ್ "ಮೊದಲನೇದು ಟೈಮಿಂಗ್, ಎರಡನೇದು ಮಾತುಕತೆಯಲ್ಲಿದೆ" ಅಂತಾರೆ. ಎರಡೂ ಬಿಟ್ಟುಬಿಡಬಹುದು ಅಂತ ಸೀನಿಯರ್.

ಗದಗ ಲೆಕ್ಕಿಗ · 11:09

ಸರಿಯಾಗೇ ಹೇಳಿದ್ದಾರೆ. ಲಾರಿ ದಾರಿಯಲ್ಲಿತ್ತು, ಅಷ್ಟೇ.

ವಿದ್ಯಾನಗರ ಸಿಎ · 11:34

ಇಲ್ಲೇ ಎಲ್ಲರೂ ಜಾರುವುದು. ಚೆಕ್ಕಿನದು ನಿಜವಾದ ಟೈಮಿಂಗ್. ಲಾರಿಯದು ಹಾಗೆ ಕಾಣುತ್ತೆ, ಆದರೆ ಒಂದು ಪ್ರಶ್ನೆ ಕೇಳದೇ ಹೇಳಲಾಗದು. ದಾರಿಯಲ್ಲಿ ಲಾರಿ ಮಗುಚಿದ್ದರೆ ನಷ್ಟ ಯಾರದು? ಬ್ಯಾಡಗಿಯಲ್ಲಿ ತೂಕ ಹಾಕಿ ಲಾರಿಗೆ ಏರಿಸಿದಾಗಲೇ ಮಾಲು ಅವರದ್ದಾದರೆ ಮಾರ್ಚಿನ ಮಾರಾಟ ಸರಿ. ಅವರ ಗೋಡೌನಿನಲ್ಲಿ ತೂಕ ನೋಡಿ, ಹಸಿ ನೋಡಿ ಒಪ್ಪಿದ ಮೇಲೇ ಮಾರಾಟ ಅಂತ ಮಾತಾಗಿದ್ದರೆ ಅದು ಏಪ್ರಿಲಿನ ಮಾರಾಟ. ಆಗ 6,30,000 ಬಾಕಿಯಿಂದ ಹೋಗಬೇಕು, 6,00,000 ಮಾರಾಟದಿಂದ ಹೋಗಬೇಕು, ಆ 30 ಕ್ವಿಂಟಲ್ ಖರೀದಿ ಬೆಲೆಯಲ್ಲಿ ದಾಸ್ತಾನಿಗೆ ವಾಪಸ್ ಬರಬೇಕು.

ಪರ್ಚೇಸ್ ಆರ್ಡರ್ ತೆಗೆದು ಓದಿ. ಬಾಡಿಗೆ ಯಾರು ಕೊಟ್ಟರು, ವಿಮೆ ಯಾರ ಹೆಸರಲ್ಲಿದೆ ನೋಡಿ. ಅವರು ಒಪ್ಪಿದ ಮೇಲೇ ಮಾರಾಟ ಅಂತಿದ್ದರೆ ಅಲ್ಲಿಗೆ ನಿಲ್ಲಬೇಡಿ. ಮಾರ್ಚಿನ ಕೊನೇ ವಾರ ಹೊರಟ ಎಲ್ಲ ಲಾರಿಗಳ ವೇ-ಬ್ರಿಜ್ ಚೀಟಿ ಮತ್ತು ಲಾರಿಯವರ ಸಾಗಣೆ ರಸೀದಿ ಎಲ್‌ಆರ್ ತೆಗೆಯಿರಿ. ನೀವು ಕೇಳಿದ್ದು 18 ಪಾರ್ಟಿಗೆ ಮಾತ್ರ, ಆದರೆ ಪದ್ಧತಿ ಎಲ್ಲರಿಗೂ ಒಂದೇ ಇರುತ್ತೆ.

ಹಾವೇರಿ ಟ್ಯಾಕ್ಸ್ · 11:50

ಮೇಡಂ, ಇದನ್ನು ಒಪ್ಪಲ್ಲ. ಇನ್‌ವಾಯ್ಸ್ ಮಾರ್ಚಿನದು, ಇ-ವೇ ಬಿಲ್ ಮಾರ್ಚಿನದು, `GSTR-1` ಮಾರ್ಚಿಗೆ ಹಾಕಿ ತೆರಿಗೆ ಕಟ್ಟಿ ಆಗಿದೆ. ಈಗ ಮಾರಾಟ ಏಪ್ರಿಲಿನದು ಅಂದರೆ ಜಿಎಸ್‌ಟಿ ಆಫೀಸಿನವರು ನೋಟಿಸ್ ಕೊಡ್ತಾರೆ. ಅದನ್ನು ಯಾರು ನೋಡಿಕೊಳ್ಳೋದು?

ವಿದ್ಯಾನಗರ ಸಿಎ · ಬುಧವಾರ, ಬೆಳಿಗ್ಗೆ 7:20

ತೆರಿಗೆ ಮಾರ್ಚಿನಲ್ಲೇ ಕಟ್ಟಿದ್ದು ಸರಿ, ಅದನ್ನು ಮುಟ್ಟುವುದು ಬೇಡ. ಜಿಎಸ್‌ಟಿಗೆ ಮಾಲು ಹೊರಟಾಗ ಇನ್‌ವಾಯ್ಸ್ ಬೇಕು, ಲೆಕ್ಕಪತ್ರಕ್ಕೆ ಮಾಲಿನ ಹೊಣೆ ಕೈ ಬದಲಾಗಬೇಕು. ಎರಡರ ತಾರೀಕು ಬೇರೆ ಆಗಬಹುದು. ಆ ವ್ಯತ್ಯಾಸಕ್ಕೆ ಒಂದು ತಾಳೆ ಪಟ್ಟಿ ಮಾಡಿಟ್ಟರೆ ಆಯಿತು, `GSTR-9C` ಕೇಳುವುದೂ ಅದನ್ನೇ. ನೋಟಿಸಿನ ಭಯಕ್ಕೆ ಲಾಭ ಈ ವರ್ಷಕ್ಕೆ ಎಳೆದುಕೊಳ್ಳುವುದು ಸರಿಯಲ್ಲ.

ಹಾವೇರಿ ಟ್ಯಾಕ್ಸ್ · 7:46

ಹೇಳೋದು ಸುಲಭ. ಪಟ್ಟಿ ಹಿಡಿದುಕೊಂಡು ಆಫೀಸು ಅಲೆಯೋರು ನಾವು.

ಬ್ಯಾಡಗಿ ವರ್ತಕ · 8:05

ನಾನು ಆಡಿಟರ್ ಅಲ್ಲ, ಕಾಯಿ ವ್ಯಾಪಾರ ಮಾಡುವವನು. ಹಸಿ ಕಡಿತದ ಬಗ್ಗೆ ಹೇಳ್ತೀನಿ ಕೇಳಿ.

ಇಲ್ಲಿ ಟೆಂಡರಿನಲ್ಲಿ ಚೀಲ ಬಿಚ್ಚಿ ಕೈಯಲ್ಲಿ ಹಿಡಿದು ಹಿಚುಕಿ ನೋಡಿ ದರ ಹಾಕ್ತೇವೆ. ಒಣಗಿದ ಕಾಯಿ ಅಲ್ಲಾಡಿಸಿದರೆ ಬೀಜದ ಸದ್ದು ಬರುತ್ತೆ. ಹಸಿ ಇದ್ದರೆ ಮೆತ್ತಗೆ ಮಡಿಚಿಕೊಳ್ಳುತ್ತೆ. ಕಾರ್ಖಾನೆಯವರು ಯಂತ್ರ ಇಟ್ಟು ಅಳೀತಾರೆ. ನಮ್ಮ ಕೈಗೆ ಒಣ ಅನಿಸಿದ್ದು ಅವರ ಯಂತ್ರಕ್ಕೆ ಹಸಿ ಆಗುತ್ತೆ. ಡೆಬಿಟ್ ನೋಟ್ ವಾಟ್ಸಾಪಿಗೆ ಬರುತ್ತೆ. ನಾವು ಫೋನ್ ಮಾಡಿ ಜಗಳ ಆಡ್ತೇವೆ, ಎರಡು ಸಾವಿರ ಕಡಿದಿದ್ದರೆ ಸಾವಿರಕ್ಕೋ ಸಾವಿರದ ಇನ್ನೂರಕ್ಕೋ ಮುಗಿಯುತ್ತೆ. ಪೂರ್ತಿ ಬಿಟ್ಟುಕೊಟ್ಟವರು ಯಾರೂ ಇಲ್ಲ. ಅದು ಮುಗಿಯುವವರೆಗೆ ಅಕೌಂಟೆಂಟ್ ಪುಸ್ತಕಕ್ಕೆ ಹಾಕಲ್ಲ.

ಕೊಂಡವರು ಉತ್ತರ ಯಾಕೆ ಕೊಡಲ್ಲ ಅಂದರೂ ಇದೇ. ಜಗಳ ನಡೆದಿರುವಾಗ ಪೂರ್ತಿ ಬಾಕಿಗೆ ಸಹಿ ಹಾಕಿದರೆ ದರ ಒಪ್ಪಿದ ಹಾಗಾಯಿತು. ಒಪ್ಪಲ್ಲ ಅಂತ ಬರೆದರೆ ಸಂಬಂಧ ಕೆಡುತ್ತೆ. ಸುಮ್ನೆ ಇದ್ದುಬಿಡ್ತಾರೆ.

ವಿದ್ಯಾನಗರ ಸಿಎ · 8:31

ಅಣ್ಣಾರ, ಇದನ್ನು ಯಾವ ಪುಸ್ತಕವೂ ನಮಗೆ ಹೇಳಿಕೊಡಲ್ಲ. ಆರ್ಟಿಕಲ್, ಇದನ್ನು ಎರಡು ಸಲ ಓದಿ.

"ಮಾತುಕತೆಯಲ್ಲಿದೆ" ಅಂದರೆ ಸೊನ್ನೆ ಅಂತಲ್ಲ. ಹೋದ ಎರಡು ವರ್ಷ ಇಂಥ ಕಡಿತಗಳು ಎಷ್ಟಕ್ಕೆ ಮುಗಿದವು ನೋಡಿ. ಅರ್ಧಕ್ಕೆ ಮುಗಿಯುವ ರೂಢಿ ಇದ್ದರೆ ಕನಿಷ್ಠ ಅಷ್ಟಾದರೂ ಮಾರ್ಚ್ 31ರ ಬಾಕಿಯಿಂದ ಕಡಿಮೆ ಆಗಬೇಕು. ಏಪ್ರಿಲಿನಿಂದ ಈವರೆಗೆ ಕೊಟ್ಟ ಕ್ರೆಡಿಟ್ ನೋಟ್‌ಗಳನ್ನೆಲ್ಲ ತೆಗೆದು, ಅದರಲ್ಲಿ ಮಾರ್ಚ್ 31ರೊಳಗಿನ ಮಾಲಿಗೆ ಸಂಬಂಧಿಸಿದ್ದು ಯಾವುದು ಅಂತ ಬೇರೆ ಮಾಡಿ. ಒಂದು ಪಾರ್ಟಿಯ ವ್ಯತ್ಯಾಸ ಹಿಡಿದು ಎಳೆದರೆ ಪೂರ್ತಿ ಬಾಕಿಯ ಕಥೆ ಹೊರಗೆ ಬರುತ್ತೆ. ಅದಕ್ಕೇ ತಾಳೆ ಆಗದ ಉತ್ತರ ತಾಳೆ ಆದ ಉತ್ತರಕ್ಕಿಂತ ಜಾಸ್ತಿ ಬೆಲೆಯದು.

ಗೋಕುಲ ರೋಡ್ ಆರ್ಟಿಕಲ್ · 8:50

ಬರೆದುಕೊಂಡೆ ಮೇಡಂ. ಉತ್ತರ ಬರದ 7 ಜನರಿಗೆ ಗದಗ ಸರ್ ಹೇಳಿದ ಹಾಗೆ ನೋಡಿದೆ. 6 ಜನರಿಂದ ಏಪ್ರಿಲ್, ಮೇ, ಜೂನ್‌ನಲ್ಲಿ ದುಡ್ಡು ಬಂದಿದೆ. ಒಬ್ಬರಿಂದ ಒಂದು ರೂಪಾಯಿಯೂ ಇಲ್ಲ. ಅವರ ಬಾಕಿ 28 ಲಕ್ಷ.

ವಿದ್ಯಾನಗರ ಸಿಎ · 9:15

ಗದಗದವರು ಹೇಳಿದ್ದು ಅರ್ಧ ಸರಿ. ದುಡ್ಡು ಬಂದದ್ದು ಒಳ್ಳೆಯ ಪುರಾವೆ, ಆದರೆ ಯಾವ ಬಿಲ್ಲಿಗೆ ಬಂತು ಅಂತ ನೋಡಬೇಕು. ಮೇನಲ್ಲಿ ಬಂದ 10 ಲಕ್ಷ ಏಪ್ರಿಲಿನ ಮಾಲಿನದೇ ಆಗಿರಬಹುದು. ಆಗ ಮಾರ್ಚಿನ ಬಾಕಿ ಅಲ್ಲೇ ಕೂತಿರುತ್ತೆ. ನಮ್ಮ ಕಡೆ ಪಾರ್ಟಿಗಳು ಬಿಲ್ಲು ನೋಡದೆ ಐದು ಲಕ್ಷ, ಹತ್ತು ಲಕ್ಷ ಅಂತ ಗುಂಡಗೆ ಹಾಕ್ತಾರೆ. ಸಾಫ್ಟ್‌ವೇರ್ ಹಳೇ ಬಿಲ್ಲಿಗೆ ಜೋಡಿಸಿಬಿಡುತ್ತೆ. ಪಾರ್ಟಿ ಕಳಿಸಿದ ಪಾವತಿ ವಿವರದಲ್ಲಿ ಬಿಲ್ ನಂಬರ್ ಇದೆಯಾ ನೋಡಿ.

ಮತ್ತೆ ಲೆಜರಿನಲ್ಲಿ ನೋಡಿ ಬಿಡಬೇಡಿ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕಳಿಸಿದವರ ಹೆಸರು ಓದಿ. ಒಮ್ಮೆ ನಾನು ನೋಡಿದ್ದೇನೆ, ಪಾರ್ಟಿಯ ಖಾತೆಗೆ ಜಮಾ ಆದ ದುಡ್ಡು ಬಂದದ್ದು ಡೈರೆಕ್ಟರನ ತಮ್ಮನ ಖಾತೆಯಿಂದ.

ಗದಗ ಲೆಕ್ಕಿಗ · 9:22

ಹೆಸರು ನೋಡೋದು ಸರಿ, ಒಪ್ಪಿದೆ. ಗುಂಡಗೆ ಬಂದ ದುಡ್ಡಿನ ಬಗ್ಗೆ ನಾನು ಯೋಚನೆ ಮಾಡಿರಲಿಲ್ಲ. ಆದರೆ ಆದಾಯ ತೆರಿಗೆಯ 194Q ಕಲಮು ಇದೆಯಲ್ಲ? ದೊಡ್ಡ ಪಾರ್ಟಿಗಳು ನಮ್ಮಿಂದ ಕೊಂಡದ್ದಕ್ಕೆ 0.1% ಟಿಡಿಎಸ್ ಕಡಿದಿರ್ತಾರೆ. ನಮ್ಮ ಹೆಸರಿನ ಟಿಡಿಎಸ್ ಪಟ್ಟಿ `26AS` ತೆಗೆದರೆ ಅವರ ಪುಸ್ತಕದ ಖರೀದಿ ಕಾಣುತ್ತೆ. ಕನ್ಫರ್ಮೇಶನ್ನೇ ಬೇಡ.

ವಿದ್ಯಾನಗರ ಸಿಎ · 9:37

ಇದು ಚೆನ್ನಾಗಿದೆ, ಪಾರ್ಟಿಯೇ ಸರ್ಕಾರಕ್ಕೆ ಹೇಳಿದ ಲೆಕ್ಕ ಅದು. ಆದರೆ ಎರಡು ಮಿತಿ. ಕೊಳ್ಳುವವರ ವಹಿವಾಟು ಹಿಂದಿನ ವರ್ಷ 10 ಕೋಟಿ ದಾಟಿರಬೇಕು, ನಿಮ್ಮಿಂದ ಕೊಂಡದ್ದು 50 ಲಕ್ಷ ದಾಟಿರಬೇಕು. ಸಣ್ಣವರು ಅಲ್ಲಿ ಕಾಣಲ್ಲ. ಇನ್ನೊಂದು, ಅದು ಖರೀದಿ ತೋರಿಸುತ್ತೆ, ಬಾಕಿ ತೋರಿಸಲ್ಲ. ಕೊಂಡು ದುಡ್ಡು ಕೊಟ್ಟು ಮುಗಿಸಿದ್ದರೂ `26AS` ಹಾಗೇ ಇರುತ್ತೆ.

ನಿವೃತ್ತ ಮ್ಯಾನೇಜರ್, ಧಾರವಾಡ · 10:10

ಬ್ಯಾಂಕಿನ ಕಡೆಯದು ಯಾರೂ ಕೇಳಲಿಲ್ಲ. ಆ ಕಂಪನಿಯ ಬ್ಯಾಂಕುಗಳಿಂದ ಉತ್ತರ ಬಂತಾ?

ಗೋಕುಲ ರೋಡ್ ಆರ್ಟಿಕಲ್ · 10:18

ಒಂದು ಬಂತು ಸರ್. ಇನ್ನೊಂದು ಬ್ಯಾಂಕಿನಲ್ಲಿ 60 ಲಕ್ಷದ ಎಫ್‌ಡಿ ಇದೆ, ಅಲ್ಲಿಂದ ಇಲ್ಲ. ಎಫ್‌ಡಿ ರಸೀದಿಯ ಜೆರಾಕ್ಸ್ ಮತ್ತು ಸ್ಟೇಟ್‌ಮೆಂಟಿನ ಪಿಡಿಎಫ್ ಕೊಟ್ಟಿದ್ದಾರೆ.

ನಿವೃತ್ತ ಮ್ಯಾನೇಜರ್, ಧಾರವಾಡ · 10:52

ಕೌಂಟರಿನ ಆ ಕಡೆ ಮೂವತ್ತು ವರ್ಷ ಕೂತವನು, ಹೇಳ್ತೀನಿ. ಆಡಿಟರ್ ಪತ್ರ ಬಂದಾಗ ನಾವು ಮೊದಲು ನೋಡುವುದು ಗ್ರಾಹಕನ ಒಪ್ಪಿಗೆ ಸಹಿ. ಅದು ನಮ್ಮ ಸಹಿ ಕಾರ್ಡಿಗೆ ತಾಳೆ ಆಗದಿದ್ದರೆ ಪತ್ರ ಬದಿಗೆ ಹೋಗುತ್ತೆ. ಇಬ್ಬರು ಸಹಿ ಮಾಡಬೇಕಾದ ಖಾತೆಗೆ ಒಬ್ಬರೇ ಮಾಡಿರ್ತಾರೆ. ಶುಲ್ಕ ಯಾವ ಖಾತೆಯಿಂದ ಕಡಿಯಬೇಕು ಅಂತ ಬರೆದಿರಲ್ಲ. ಹಳೇ ಹೆಸರಿಗೆ, ಹಳೇ ಶಾಖೆಗೆ ಬರ್ತವೆ. ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ಕ್ಕೆ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು, ಹಳೇ ನಮೂನೆ ಬದಲಿಸದ ಆಫೀಸುಗಳು ಇನ್ನೂ ಇರಬಹುದು. ಮೊದಲು ನಿಮ್ಮ ಪತ್ರ ಸರಿ ಇದೆಯಾ ನೋಡಿ.

ಎರಡನೇದು, ಬಾಕಿ ಎಷ್ಟು ಅಂತ ಮಾತ್ರ ಕೇಳಬೇಡಿ. ಎಫ್‌ಡಿ ಮೇಲೆ ಲೀನ್ ಇದೆಯಾ ಅಂತ ಕೇಳಿ. ನನ್ನ ಶಾಖೆಯಲ್ಲೇ ಒಂದು ಎಫ್‌ಡಿ ಇತ್ತು. ಕಂಪನಿ ಹೆಸರಿನದೇ, ರಸೀದಿ ಅಸಲಿ. ಆದರೆ ಅದನ್ನು ಮಾಲೀಕನ ಇನ್ನೊಂದು ಸಂಸ್ಥೆಯ ಸಾಲಕ್ಕೆ ಒತ್ತೆ ಇಟ್ಟಿದ್ದರು. ಆಡಿಟರ್ ಬರೀ ಮೊತ್ತ ಕೇಳಿದ್ದರು, ನಾವು ಬರೀ ಮೊತ್ತ ಬರೆದೆವು. ಕೇಳಿದ್ದರೆ ಹೇಳುತ್ತಿದ್ದೆವು. ಗ್ಯಾರಂಟಿ, ಎಲ್‌ಸಿ, ವರ್ಷದೊಳಗೆ ಮುಚ್ಚಿದ ಖಾತೆ, ಸೊನ್ನೆ ಬಾಕಿಯ ಖಾತೆ ಎಲ್ಲ ಕೇಳಿ.

ಇಂಟರ್ ಓದ್ತಿರೋಳು · 11:00

ಸೊನ್ನೆ ಬಾಕಿಗೂ ಯಾಕೆ ಸರ್?

ನಿವೃತ್ತ ಮ್ಯಾನೇಜರ್, ಧಾರವಾಡ · 11:06

ಖಾತೆಯಲ್ಲಿ ದುಡ್ಡಿಲ್ಲದಿದ್ದರೂ ಅದರ ಹಿಂದೆ ಸಾಲ, ಗ್ಯಾರಂಟಿ ಇರಬಹುದು ತಂಗಿ.

ವಿದ್ಯಾನಗರ ಸಿಎ · 11:25

ಮ್ಯಾನೇಜರ್ ಸರ್ ಮಾತಿಗೆ ಒಂದು ಸೇರಿಸ್ತೀನಿ. ಪಿಡಿಎಫ್ ನಂಬಬೇಡಿ. 2009ರ ಜನವರಿ 7ರಂದು ಸತ್ಯಂ ಅಧ್ಯಕ್ಷರು ಬರೆದ ಪತ್ರದಲ್ಲಿ ಒಪ್ಪಿಕೊಂಡದ್ದರಲ್ಲಿ ಮೊದಲನೆಯದೇ 5,040 ಕೋಟಿಯ ಇಲ್ಲದ ನಗದು ಮತ್ತು ಬ್ಯಾಂಕ್ ಬಾಕಿ. 2020ರಲ್ಲಿ ಜರ್ಮನಿಯ ವೈರ್‌ಕಾರ್ಡ್‌ನಲ್ಲಿ 190 ಕೋಟಿ ಯೂರೋ ಇಲ್ಲ ಅಂತ ಗೊತ್ತಾದಾಗ, ದುಡ್ಡು ಇದೆ ಅಂತ ತೋರಿಸಿದ ಕಾಗದಗಳು ನಕಲಿ ಅಂತ ಫಿಲಿಪ್ಪೀನ್ಸ್‌ನ ಬ್ಯಾಂಕುಗಳೇ ಹೇಳಿದವು. ನಮ್ಮದು 60 ಲಕ್ಷ, ಆದರೆ ದಾರಿ ಒಂದೇ. ನೀವೇ ಶಾಖೆಗೆ ಹೋಗಿ ಪತ್ರ ಕೊಟ್ಟು ಮೊಹರು ಹಾಕಿಸಿಕೊಳ್ಳಿ. ಉತ್ತರ ಬ್ಯಾಂಕಿನ ಅಧಿಕೃತ ಮೇಲ್‌ನಿಂದ ನಿಮ್ಮ ಆಫೀಸಿನ ಮೇಲ್‌ಗೆ ಬರಲಿ. ಶಾಖೆಯ ವಿಳಾಸ, ಮೇಲ್ ಕಂಪನಿಯವರ ಹತ್ತಿರ ಕೇಳಬೇಡಿ, ಬ್ಯಾಂಕಿನ ವೆಬ್‌ಸೈಟಿನಲ್ಲಿ ನೋಡಿ. ಅಲ್ಲಿಯವರೆಗೆ ಡೈರೆಕ್ಟರ್ ನಿಮ್ಮ ಎದುರೇ ನೆಟ್‌ಬ್ಯಾಂಕಿಂಗ್ ತೆರೆದು ತೋರಿಸಲಿ.

ಈಗ ಆ ಎರಡು ಪತ್ರ. ನನಗೆ 28 ಲಕ್ಷಕ್ಕಿಂತ ಇದೇ ಜಾಸ್ತಿ ಚಿಂತೆ. ಉತ್ತರ ಕಂಪನಿಯವರ ಕೈಯಿಂದ ಬಂದರೆ ಅದನ್ನು ಉತ್ತರ ಅಂತ ಎಣಿಸಬೇಡಿ. ನಿಮ್ಮ ಲೆಕ್ಕ 9 ಅಲ್ಲ, 7. `gst.gov.in` ನಲ್ಲಿ ಆ ಪಾರ್ಟಿಗಳ ಜಿಎಸ್‌ಟಿ ನಂಬರ್ ಹಾಕಿ ನೋಂದಾಯಿತ ವಿಳಾಸ ತೆಗೆದು ಅಲ್ಲಿಗೇ ಹೊಸ ಪತ್ರ ಕಳಿಸಿ. ಉತ್ತರವೂ ದುಡ್ಡೂ ಬರದ ಆ 28 ಲಕ್ಷದವರದ್ದೂ ಅಲ್ಲೇ ನೋಡಿ.

ಗೋಕುಲ ರೋಡ್ ಆರ್ಟಿಕಲ್ · ಮುಂದಿನ ಬುಧವಾರ, ರಾತ್ರಿ 8:15

ಒಂದು ವಾರ ಆಯಿತು. ಆದದ್ದನ್ನು ಹೇಳ್ತೀನಿ.

ಪರ್ಚೇಸ್ ಆರ್ಡರ್ ಸಿಕ್ಕಿತು. "ನಮ್ಮ ಗೋಡೌನಿನಲ್ಲಿ ತೂಕ ಮತ್ತು ತೇವಾಂಶ ಒಪ್ಪಿದ ಮೇಲೆ" ಅಂತಲೇ ಇದೆ. ಮಾರ್ಚ್ 28ರಿಂದ 31ರೊಳಗೆ ಇನ್ನೂ ಮೂರು ಲಾರಿ ಹೋಗಿವೆ, ಎರಡಕ್ಕೆ ಇದೇ ಷರತ್ತು. ಅವೆರಡೂ ಪಾರ್ಟಿ ನಮ್ಮ 18ರಲ್ಲಿ ಇರಲೇ ಇಲ್ಲ. ಮೊದಲಿನದು ಮತ್ತು ಈ ಎರಡು, ಒಟ್ಟು ಮೂರು ಲಾರಿ ಏಪ್ರಿಲಿಗೆ ಹಾಕಲು ಡೈರೆಕ್ಟರ್ ಒಪ್ಪಿದರು. ಹಸಿ ಕಡಿತದ ಹಳೇ ಲೆಕ್ಕ ತೆಗೆದೆ, ವರ್ತಕ ಅಣ್ಣ ಹೇಳಿದ ಹಾಗೆ ಹೆಚ್ಚುಕಡಿಮೆ ಅರ್ಧಕ್ಕೇ ಮುಗಿದಿವೆ.

ಬ್ಯಾಂಕಿನವರು ಪತ್ರ ವಾಪಸ್ ಕೊಟ್ಟರು. ಮ್ಯಾನೇಜರ್ ಸರ್ ಹೇಳಿದ್ದೇ ಕಾರಣ, ಎರಡನೇ ಸಹಿ ಇರಲಿಲ್ಲ. ಸರಿ ಮಾಡಿ ಕೊಟ್ಟ ಮೂರನೇ ದಿನ ಉತ್ತರ ಬಂತು. ಎಫ್‌ಡಿ ಇದೆ, ಲೀನ್ ಇಲ್ಲ.

ಗುಂಟೂರಿನ ಪಾರ್ಟಿ ನೇರವಾಗಿ ಮೇಲ್ ಮಾಡಿದರು. ಅಕೌಂಟೆಂಟ್ ತಂದ ಪತ್ರದಲ್ಲಿ 19,60,000 ಒಪ್ಪಿದ್ದಾರೆ ಅಂತಿತ್ತು. ಅವರು ಬರೆದದ್ದು 12,10,000. ಆ ಸಹಿ ತಮ್ಮವರದ್ದಲ್ಲ ಅಂತಲೂ ಬರೆದಿದ್ದಾರೆ. ಇಂದೋರಿನವರು ಇನ್ನೂ ಉತ್ತರ ಕೊಟ್ಟಿಲ್ಲ.

28 ಲಕ್ಷದ ಪಾರ್ಟಿಯ ಜಿಎಸ್‌ಟಿ ನೋಂದಣಿ ಏಪ್ರಿಲಿನಿಂದ ರದ್ದಾಗಿದೆ ಅಂತ ಪೋರ್ಟಲ್ ತೋರಿಸ್ತಿದೆ. ಫೆಬ್ರವರಿಯಲ್ಲಿ ಮಾಲು ಹೋದ ಎಲ್‌ಆರ್ ಇದೆ, ಅದರ ಮೇಲೆ ಮಾಲು ಇಳಿಸಿಕೊಂಡ ಮೊಹರೂ ಇದೆ.

ಹಾವೇರಿ ಟ್ಯಾಕ್ಸ್ · 8:40

28 ಲಕ್ಷ ಅಂಗಡಿ ಮುಚ್ಚಿದ ಪಾರ್ಟಿಯದು. ಮಾಲು ಹೋಗಿದೆ, ಬಾಕಿ ನಿಜ. ಪ್ರಾವಿಜನ್ ಮಾಡಿಸಿ ಮುಗಿಸಿ.

ವಿದ್ಯಾನಗರ ಸಿಎ · 9:05

ವಾರದ ಹಿಂದೆ ಆಗಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ. ಆದರೆ ಒಂದು ಸಹಿ ಸುಳ್ಳು ಅಂತ ಗೊತ್ತಾದ ಮೇಲೆ ಅದೇ ಆಫೀಸಿನಿಂದ ಬಂದ ಎಲ್‌ಆರ್ ಮೇಲಿನ ಮೊಹರನ್ನು ಹೇಗೆ ನಂಬೋದು? ಎಲ್‌ಆರ್ ಕೊಟ್ಟ ಟ್ರಾನ್ಸ್‌ಪೋರ್ಟಿನವರ ಹತ್ತಿರ ಅವರ ಪ್ರತಿ ಕೇಳಿ, ಲಾರಿ ಬಾಡಿಗೆ ಯಾವ ಖಾತೆಯಿಂದ ಹೋಯಿತು ನೋಡಿ. ಇಂಥ ಕಡೆ ಕಂಪನಿಯೊಳಗಿನ ಕಾಗದ ನೋಡಿ ಮುಗಿಸುವ ಹಾಗಿಲ್ಲ. ಹೊರಗಿನ ಉತ್ತರ ಸಿಗಲೇ ಇಲ್ಲ ಅಂದರೆ ವರದಿಯಲ್ಲಿ ಬರೆಯುವ ಮಾತು ಬರುತ್ತೆ.

ಇದು ಈಗ ನಿಮ್ಮ ಮತ್ತು ಸೀನಿಯರ್ ಮಟ್ಟದ್ದಲ್ಲ. ಸಹಿ ಮಾಡುವ ಪಾರ್ಟ್‌ನರ್ ಎದುರು ಗುಂಟೂರಿನ ಮೇಲ್ ಮತ್ತು ಆ ಪತ್ರ ಎರಡನ್ನೂ ಪಕ್ಕಪಕ್ಕ ಇಡಿ. ಅಕೌಂಟೆಂಟ್ ಹತ್ತಿರ ನೀವು ಏನೂ ಕೇಳಬೇಡಿ. ಅಸಲು ಪತ್ರ ಯಾರ ಕೈಗೂ ಕೊಡಬೇಡಿ.

ಬ್ಯಾಡಗಿ ವರ್ತಕ · 9:20

ಅಕೌಂಟೆಂಟ್ ಒಬ್ಬನೇ ಮಾಡಿದ್ದಾ, ಮಾಲೀಕರಿಗೂ ಗೊತ್ತಾ? ವಸೂಲಿ ಮಾಡಿದ ದುಡ್ಡು ನಡುವೆ ಯಾರೋ ತಿಂದು, ಅದನ್ನು ಮುಚ್ಚೋಕೆ ಪತ್ರ ಮಾಡಿದ್ದೂ ಇರಬಹುದು. ನಮ್ಮ ಪೇಟೆಯಲ್ಲಿ ಅಂಥದ್ದು ನೋಡಿದ್ದೇನೆ.

ಗೋಕುಲ ರೋಡ್ ಆರ್ಟಿಕಲ್ · 9:33

ಗೊತ್ತಿಲ್ಲ ಅಣ್ಣಾ. ಗುಂಟೂರಿನವರು ತಮ್ಮ ಲೆಜರ್ ಕಳಿಸ್ತೀವಿ ಅಂದಿದ್ದಾರೆ. ಆ ಏಳೂವರೆ ಲಕ್ಷ ಅವರು ಕೊಟ್ಟಿದ್ದಾ, ಅಥವಾ ಅಷ್ಟು ಮಾಲು ಅವರಿಗೆ ಹೋಗಲೇ ಇಲ್ವಾ ಅನ್ನೋದು ಅದರಲ್ಲೇ ಗೊತ್ತಾಗಬೇಕು. ಸೋಮವಾರ ಬೆಳಿಗ್ಗೆ ಪಾರ್ಟ್‌ನರ್ ಸರ್ ಡೈರೆಕ್ಟರನ್ನು ಒಬ್ಬರೇ ಬರಲು ಹೇಳಿದ್ದಾರೆ.

ರಾಣೆಬೆನ್ನೂರು ಬೀಜದಂಗಡಿ · 9:41

ನಾನೂ ಇವತ್ತೇ ಬ್ಯಾಂಕಿನ ಪತ್ರಕ್ಕೆ ಬಡ್ಡಿ ತಕರಾರು ಬರೆದು ಸಹಿ ಮಾಡಿ ಕೊಟ್ಟು ಬಂದೆ. ಸೋಮವಾರ ಏನಾಯ್ತು ಬರೆಯಿರಿ.